ಫ್ರಿಜ್ ಒಳಗೆ ನಿಜವಾಗಿ ಎಷ್ಟು ತಂಪಿದೆ? ಲೋಟದ ನೀರು, ಥರ್ಮಾಮೀಟರ್ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಚಳಿ ಕಳೆದು ಯುಗಾದಿ ಹತ್ತಿರ ಬಂತು ಅಂದರೆ ಅಕ್ಕಪಕ್ಕದ ಮನೆಗಳಿಂದ ಒಂದೇ ದೂರು ಕೇಳಿಸುತ್ತದೆ. ರಾತ್ರಿ ಫ್ರಿಜ್‌ನಲ್ಲಿಟ್ಟ ಹಾಲು ಬೆಳಗ್ಗೆ ಒಲೆ ಮೇಲಿಟ್ಟರೆ ಒಡೆಯುತ್ತದೆ. ದೋಸೆ ಹಿಟ್ಟು ಫ್ರಿಜ್ ಒಳಗೇ ಉಕ್ಕಿ ಮುಚ್ಚಳ ಎತ್ತಿರುತ್ತದೆ. ಹಾಲು ಸರಿಯಿಲ್ಲ, ಹಿಟ್ಟು ಹಳೆಯದು ಅಂತ ಹೇಳುವ ಮೊದಲು ಫ್ರಿಜ್ ಒಳಗಿನ ತಾಪಮಾನ ಎಷ್ಟಿದೆ ಅಂತ ನೋಡಬೇಕು. ಒಂದು ಲೋಟ ನೀರನ್ನು ರಾತ್ರಿಯಿಡೀ ಫ್ರಿಜ್ ಒಳಗಿಟ್ಟು, ಬೆಳಗ್ಗೆ ಆ ನೀರಿನೊಳಗಿನ ಥರ್ಮಾಮೀಟರ್ ಓದಿದರೆ ಅದು ಗೊತ್ತಾಗುತ್ತದೆ. ಹಾಗೆ ಅಳೆಯುವುದು ಹೇಗೆ, ಅಳತೆ ಬಂದ ಮೇಲೆ ಯಾವ ಅಡುಗೆ ಇಟ್ಟುಕೊಳ್ಳಬೇಕು, ಯಾವುದನ್ನು ಚೆಲ್ಲಬೇಕು ಅನ್ನುವುದು ಕೆಳಗಿದೆ. ನಮ್ಮ ಕಡೆ ಹೆಚ್ಚಾಗಿ ಇರುವ ಸಿಂಗಲ್ ಡೋರ್ ಫ್ರಿಜ್ ಅನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ನಮ್ಮ ಫ್ರಿಜ್‌ನ ನಾಬ್ 4ರಲ್ಲಿದೆ. ಅಂದರೆ ಒಳಗೆ 4 ಡಿಗ್ರಿ ಇದೆ ಅಂತ ಅಲ್ವಾ?

ಅಲ್ಲ. ನಾಬ್ ಮೇಲಿನ 1, 2, 3 ಯಾವುದೂ ಡಿಗ್ರಿ ಅಲ್ಲ. ಸಾಮಾನ್ಯವಾಗಿ ಅಂಕಿ ದೊಡ್ಡದಾದಷ್ಟೂ ತಂಪು ಜಾಸ್ತಿ, ಅಷ್ಟೇ.

ಒಂದೇ ಅಂಕಿಯಲ್ಲಿ ಬಿಟ್ಟರೂ ಒಳಗಿನ ತಾಪಮಾನ ವರ್ಷವಿಡೀ ಒಂದೇ ಇರುವುದಿಲ್ಲ. ಹೆಚ್ಚಿನ ಸಿಂಗಲ್ ಡೋರ್ ಫ್ರಿಜ್‌ಗಳಲ್ಲಿ ಥರ್ಮೋಸ್ಟಾಟ್ ನೋಡುವುದು ಫ್ರೀಜರ್ ಡಬ್ಬಿಯ ತಂಪನ್ನು. ಕೆಳಗೆ ನೀವು ಸಾರು, ಹಾಲು ಇಡುವ ಜಾಗದ ತಂಪನ್ನು ಅದು ನೇರವಾಗಿ ನೋಡುವುದಿಲ್ಲ. ಫ್ರೀಜರ್ ಸಾಕಷ್ಟು ತಣ್ಣಗಾಯಿತು ಅನಿಸಿದ ಕೂಡಲೇ ಕಂಪ್ರೆಸರ್ ನಿಲ್ಲುತ್ತದೆ. ಅಡುಗೆ ಮನೆ ಬಿಸಿಯಾಗಿದ್ದರೆ ಗೋಡೆಗಳಿಂದ, ಬಾಗಿಲಿನಿಂದ ಶಾಖ ಒಳಗೆ ಇಳಿಯುತ್ತಲೇ ಇರುತ್ತದೆ, ಕೆಳಗಿನ ಶೆಲ್ಫ್‌ಗಳು ಬೆಚ್ಚಗಾಗುತ್ತವೆ. ಹಾಗಾಗಿ ಡಿಸೆಂಬರ್ ಚಳಿಯಲ್ಲಿ 2ಕ್ಕೆ ಇಟ್ಟು ಚೆನ್ನಾಗಿದ್ದ ಫ್ರಿಜ್, ಮಾರ್ಚ್ ಏಪ್ರಿಲ್‌ನಲ್ಲಿ ಅದೇ 2ರಲ್ಲಿ ಸಾಕಷ್ಟು ತಂಪು ಕೊಡುವುದಿಲ್ಲ. ನಮ್ಮಂಥ ಊರಲ್ಲಿ ಈ ತೊಂದರೆ ಹೆಚ್ಚು ಕಾಣುವುದು ಇದಕ್ಕೇ. ಮಳೆಗಾಲ, ಚಳಿಗಾಲ ಉದ್ದ. ಕಡಿಮೆ ಅಂಕಿಯೇ ಅಭ್ಯಾಸವಾಗಿರುತ್ತದೆ.

ನಮ್ಮದು ಡಬಲ್ ಡೋರ್, ಹೊರಗೆ ಡಿಸ್‌ಪ್ಲೇ ಇದೆ. ಅದನ್ನು ನಂಬಬಹುದಾ?

ಎಷ್ಟು ತಂಪು ಬೇಕು ಅಂತ ನೀವು ಒತ್ತಿದ ಅಂಕಿಯನ್ನೇ ಅನೇಕ ಡಿಸ್‌ಪ್ಲೇಗಳು ತೋರಿಸುತ್ತವೆ. ಸೆನ್ಸರ್ ಅಳತೆಯನ್ನೇ ತೋರಿಸಿದರೂ ಅದು ಸೆನ್ಸರ್ ಇರುವ ಜಾಗದ ಗಾಳಿಯದ್ದು, ನಿಮ್ಮ ಹಾಲಿನ ಪಾತ್ರೆಯದ್ದಲ್ಲ. ಒಮ್ಮೆ ಲೋಟದ ನೀರಿನ ಜೊತೆ ತಾಳೆ ಹಾಕಿ ನೋಡಿ.

ಥರ್ಮಾಮೀಟರನ್ನು ಸುಮ್ನೆ ಶೆಲ್ಫ್ ಮೇಲೆ ಇಟ್ಟರೆ ಸಾಲದಾ? ನೀರೊಳಗೆ ಯಾಕೆ?

ಶೆಲ್ಫ್ ಮೇಲೆ ಇಟ್ಟ ಥರ್ಮಾಮೀಟರ್ ಗಾಳಿಯನ್ನು ಅಳೆಯುತ್ತದೆ. ಗಾಳಿಯ ತಾಪಮಾನ ಒಂದು ಕಡೆ ನಿಲ್ಲುವುದಿಲ್ಲ. ಕಂಪ್ರೆಸರ್ ಓಡುವಾಗ ಇಳಿಯುತ್ತದೆ, ನಿಂತಾಗ ಏರುತ್ತದೆ. ಬಾಗಿಲು ತೆರೆದರೆ ತಣ್ಣನೆಯ ಗಾಳಿ ಕೆಳಗಿನಿಂದ ಹೊರಗೆ ಸುರಿದು ಅಡುಗೆ ಮನೆಯ ಗಾಳಿ ಒಳಗೆ ಬರುತ್ತದೆ. ನೀವು ಬಾಗಿಲು ತೆಗೆದು ಕಣ್ಣು ಕಿರಿದು ಮಾಡಿ ಓದುವಷ್ಟರಲ್ಲೇ ಅಂಕಿ ಮೇಲೇರುತ್ತಿರುತ್ತದೆ.

ಅಡುಗೆ ಹಾಗಲ್ಲ. ಸಾರು, ಮೊಸರು, ಮಾಂಸ, ಎಲ್ಲದರಲ್ಲೂ ನೀರಿನಂಶವೇ ಜಾಸ್ತಿ. ನೀರು ನಿಧಾನವಾಗಿ ತಣಿಯುತ್ತದೆ, ನಿಧಾನವಾಗಿ ಬಿಸಿಯಾಗುತ್ತದೆ. ಒಂದು ಲೋಟ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಾಖ, ಅಷ್ಟೇ ಜಾಗ ಹಿಡಿಯುವ ಗಾಳಿಗೆ ಬೇಕಾಗುವುದಕ್ಕಿಂತ 3000 ಪಟ್ಟಿಗೂ ಜಾಸ್ತಿ. ಹಾಗಾಗಿ ರಾತ್ರಿಯಿಡೀ ಒಳಗಿದ್ದ ಲೋಟದ ನೀರು ಆ ಏರಿಳಿತಗಳ ಸರಾಸರಿಯನ್ನು ತೋರಿಸುತ್ತದೆ. ಪಕ್ಕದಲ್ಲಿರುವ ಸಾರಿನ ಬಟ್ಟಲು ಎಷ್ಟು ತಣ್ಣಗಿದೆಯೋ ನೀರೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರುತ್ತದೆ.

ಯಾವ ಥರ್ಮಾಮೀಟರ್ ತಗೋಬೇಕು? ಜ್ವರ ನೋಡುವುದು ಆಗುತ್ತಾ?

ಜ್ವರದ ಥರ್ಮಾಮೀಟರ್ ಆಗುವುದಿಲ್ಲ. ಅದು ಮೈಬಿಸಿಯ ಆಸುಪಾಸಿನ ಕೆಲವೇ ಡಿಗ್ರಿಗಳನ್ನು ಮಾತ್ರ ಅಳೆಯುತ್ತದೆ. ಹಣೆಗೆ ಹಿಡಿಯುವ ಗನ್ ಕೂಡ ಬೇಡ. ಅಡುಗೆಗೆ ಅಂತ ಮಾರುವ, ಉದ್ದ ಸ್ಟೀಲ್ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ಸಾಕು. ಅದಕ್ಕಿಂತ ಅನುಕೂಲ ಅಂದರೆ ಉದ್ದ ವೈರ್‌ನ ತುದಿಯಲ್ಲಿ ಸೆನ್ಸರ್ ಇರುವಂಥದ್ದು. ಮೀನಿನ ತೊಟ್ಟಿಗೆ ಬಳಸುವುದು ಇದನ್ನೇ. ಸೆನ್ಸರ್ ಲೋಟದಲ್ಲಿರುತ್ತದೆ, ತೆಳು ವೈರ್ ಬಾಗಿಲ ರಬ್ಬರ್ ನಡುವೆ ಹೊರಗೆ ಬರುತ್ತದೆ, ಬಾಗಿಲು ತೆಗೆಯದೆಯೇ ಓದಬಹುದು. ಪಾದರಸದ ಗಾಜಿನ ಕಡ್ಡಿಯನ್ನು ಆಹಾರದ ಹತ್ತಿರ ತರಬೇಡಿ. ಒಡೆದರೆ ಕಷ್ಟ.

ಥರ್ಮಾಮೀಟರೇ ತಪ್ಪು ತೋರಿಸುತ್ತಿದ್ದರೆ?

ತೋರಿಸಬಹುದು. ಅಗ್ಗದ ಥರ್ಮಾಮೀಟರ್‌ಗಳಲ್ಲಿ ಒಂದು ಡಿಗ್ರಿ ಆಚೀಚೆ ಆಗುವುದು ಮಾಮೂಲಿ. 4 ಡಿಗ್ರಿಯೋ 6 ಡಿಗ್ರಿಯೋ ಅಂತ ನೋಡುವ ಜಾಗದಲ್ಲಿ ಒಂದು ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮೊದಲು ಐಸ್ ನೀರಿನಲ್ಲಿ ಪರೀಕ್ಷೆ ಮಾಡಿ.

ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ಪುಡಿ ಮಾಡಿ. ಲೋಟದ ತುಂಬ ಐಸ್ ಪುಡಿ ಹಾಕಿ, ಸಂದುಗಳು ತುಂಬುವಷ್ಟು ಮಾತ್ರ ತಣ್ಣೀರು ಹೊಯ್ಯಿರಿ. ಐಸ್ ತೇಲುವಷ್ಟು ನೀರಾದರೆ ಕೆಳಗಿನ ನೀರು ಬೆಚ್ಚಗೇ ಉಳಿದು ಅಳತೆ ತಪ್ಪುತ್ತದೆ. ಕಡ್ಡಿಯ ತುದಿ ಲೋಟದ ತಳಕ್ಕೂ ಬದಿಗೂ ತಾಗದಂತೆ ಮಧ್ಯದಲ್ಲಿ ಹಿಡಿದು, ಕಲಕುತ್ತಾ ಎರಡು ಮೂರು ನಿಮಿಷ ಕಾಯಿರಿ. 0 ತೋರಿಸಬೇಕು. 1 ತೋರಿಸಿದರೆ ಮುಂದಿನ ಎಲ್ಲ ಅಳತೆಯಿಂದ 1 ಕಳೆಯಿರಿ. ಮೈನಸ್ 1 ತೋರಿಸಿದರೆ 1 ಕೂಡಿಸಿ. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಥರ್ಮಾಮೀಟರ್‌ಗೇ ಅಂಟಿಸಿ.

ಕುದಿಯುವ ನೀರಿಗೆ ಹಾಕಿ 100 ತೋರಿಸುತ್ತದಾ ಅಂತ ನೋಡಿ ಅನ್ನುವ ಸಲಹೆಯೂ ಓಡಾಡುತ್ತದೆ. ನಮ್ಮ ಕಡೆ ಅದು ದಾರಿ ತಪ್ಪಿಸುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಸರಿಯಾದ ಥರ್ಮಾಮೀಟರನ್ನು ಕೆಟ್ಟಿದೆ ಅಂದುಕೊಂಡು ಬಿಸಾಡಬೇಡಿ. ಐಸ್ ಕರಗುವ ಬಿಂದು ಬೆಟ್ಟದ ಮೇಲೂ 0 ಡಿಗ್ರಿಯೇ.

ಸರಿ, ಅಳೆಯುವುದು ಹೇಗೆ?

ರಾತ್ರಿ ಅಡುಗೆ ಮನೆ ಕೆಲಸ ಮುಗಿದ ಮೇಲೆ, ಇನ್ನು ಫ್ರಿಜ್ ತೆಗೆಯುವುದಿಲ್ಲ ಅನ್ನುವಾಗ ಒಂದು ದೊಡ್ಡ ಲೋಟದಲ್ಲಿ ನೀರು ತುಂಬಿ ಮಧ್ಯದ ಶೆಲ್ಫ್‌ನ ಮಧ್ಯದಲ್ಲಿಡಿ. ಲೋಟ ಹಿಂದಿನ ಗೋಡೆಗೆ ತಾಗಬಾರದು. ಥರ್ಮಾಮೀಟರ್ ತುದಿ ನೀರಿನ ನಡುವೆ ಇರಲಿ. ಆ ಹೊತ್ತಿಗೆ ಬಿಸಿ ಪಾತ್ರೆ ಏನನ್ನೂ ಒಳಗಿಡಬೇಡಿ.

ಬೆಳಗ್ಗೆ ಹಾಲು ತೆಗೆಯಲು ಯಾರಾದರೂ ಬಾಗಿಲು ತೆಗೆಯುವ ಮೊದಲೇ ಓದಬೇಕು. ಕಡ್ಡಿಯನ್ನು ನೀರಿನಿಂದ ಮೇಲೆತ್ತಿ ಓದಬೇಡಿ, ನೀರೊಳಗೇ ಇರುವಾಗ ಓದಿ. ಡಿಜಿಟಲ್ ಥರ್ಮಾಮೀಟರ್ ತಾನಾಗೇ ಆಫ್ ಆಗುವಂಥದ್ದಾದರೆ ಲೋಟವನ್ನು ಮಾತ್ರ ರಾತ್ರಿ ಇಟ್ಟು, ಬೆಳಗ್ಗೆ ಕಡ್ಡಿ ಅದ್ದಿ ಅಂಕಿ ನಿಲ್ಲುವವರೆಗೆ ಕಾದರೂ ಆಯಿತು. ಹಗಲು ಅಳೆಯುವುದಾದರೆ ಕನಿಷ್ಠ 5ರಿಂದ 8 ಗಂಟೆ ಲೋಟ ಒಳಗಿರಬೇಕು. ಒಂದು ಗಂಟೆಗೇ ನೋಡಿದರೆ ಸಿಗುವುದು ಇನ್ನೂ ತಣಿಯುತ್ತಿರುವ ನಲ್ಲಿ ನೀರಿನ ಅಳತೆ.

ಅಳತೆ ಬಂತು. ಅದರ ಅರ್ಥ ಏನು?

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ತಣ್ಣಗಿಡುವ ಆಹಾರಕ್ಕೆ ಹೇಳುವ ಮಿತಿ 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ. 5ರಿಂದ 60 ಡಿಗ್ರಿ ನಡುವೆ ರೋಗ ತರುವ ಬ್ಯಾಕ್ಟೀರಿಯಾಗಳು ಬೆಳೆಯಬಲ್ಲವು, ಅದನ್ನು ಅಪಾಯದ ವಲಯ ಅನ್ನುತ್ತಾರೆ. ಅಮೆರಿಕದವರು ಇನ್ನೂ ಒಂದು ಡಿಗ್ರಿ ಕೆಳಗೆ, 4ಕ್ಕೇ ಗೆರೆ ಎಳೆಯುತ್ತಾರೆ.

ನನ್ನ ಪ್ರಕಾರ ಬೆಳಗಿನ ಅಳತೆ 3 ಅಥವಾ 4 ಇರಬೇಕು. ಯಾಕೆಂದರೆ ಬೆಳಗಿನ ಹೊತ್ತು ಫ್ರಿಜ್ ಅತಿ ತಣ್ಣಗಿರುವ ಹೊತ್ತು. ರಾತ್ರಿಯಿಡೀ ಬಾಗಿಲು ಮುಚ್ಚಿತ್ತು, ಅಡುಗೆ ಮನೆಯೂ ತಂಪಾಗಿತ್ತು. ಆಗಲೇ 5 ಇದ್ದರೆ, ಮಧ್ಯಾಹ್ನ ಮಕ್ಕಳು ನೀರಿಗೆ, ಹಣ್ಣಿಗೆ ಅಂತ ಬಾಗಿಲು ತೆಗೆಯುತ್ತಿರುವಾಗ 5 ದಾಟುತ್ತದೆ. ಹಾಗಾಗಿ 5 ಬಂದರೆ ಗಾಬರಿ ಬೇಡ, ಆದರೆ ನಾಬ್ ಅರ್ಧ ಅಂಕಿ ಏರಿಸಿ.

6 ಅಥವಾ 7 ಬಂದರೆ ಹಾಲು ಬೇಗ ಹುಳಿಯಾಗುತ್ತದೆ. ಫ್ರಿಜ್ ಸರಿಯಾಗುವವರೆಗೆ ಅಡುಗೆ ಉಳಿಸುವ ಅಭ್ಯಾಸ ನಿಲ್ಲಿಸಿ. ಹಸಿ ಕೋಳಿ, ಮೀನು ತಂದ ದಿನವೇ ಮಾಡಿ ಮುಗಿಸಿ. ಸರಿಯಾದ ಫ್ರಿಜ್‌ನಲ್ಲಿ ಬೇಯಿಸಿದ ಅಡುಗೆ ಮೂರು ನಾಲ್ಕು ದಿನ, ಹಸಿ ಕೋಳಿ ಮತ್ತು ಮೀನು ಒಂದೆರಡು ದಿನ ಇಡಬಹುದು ಅನ್ನುತ್ತಾರಲ್ಲ, ಆ ಲೆಕ್ಕ 4 ಡಿಗ್ರಿಯ ಫ್ರಿಜ್‌ಗೆ ಮಾತ್ರ.

8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಆಹಾರ ಕಾಪಾಡುವ ಪೆಟ್ಟಿಗೆ ಅಂತ ಲೆಕ್ಕಕ್ಕೆ ಇಡಬೇಡಿ. ಹಸಿ ಮಾಂಸ, ಬೇಯಿಸಿದ ಅನ್ನ, ಸಾರು, ಪಲ್ಯ, ತೆರೆದ ಪನೀರ್ ಪ್ಯಾಕೆಟ್ ರಾತ್ರಿಯಿಡೀ ಅಲ್ಲಿದ್ದರೆ ಚೆಲ್ಲುವುದೇ ಸರಿ. ಉಪ್ಪಿನಕಾಯಿ, ಬೆಣ್ಣೆ, ತುಪ್ಪ, ಇಡೀ ತರಕಾರಿ, ಹಣ್ಣು, ಹುಳಿಯಾದ ಮೊಸರು ಇವುಗಳಿಗೆ ಅಷ್ಟು ಭಯವಿಲ್ಲ. ಹುಳಿ, ಉಪ್ಪು, ನೀರಿನಂಶ ಕಡಿಮೆ ಇರುವ ಜಿಡ್ಡಿನಲ್ಲಿ ರೋಗಾಣುಗಳಿಗೆ ಬೆಳೆಯುವುದು ಕಷ್ಟ.

7 ಡಿಗ್ರಿ ಇತ್ತು, ಆದರೆ ಸಾರು ವಾಸನೆ ಬಂದಿಲ್ಲ. ಚೆನ್ನಾಗಿ ಕುದಿಸಿದರೆ ಆಗುತ್ತಲ್ವಾ?

ಮನೆಯಲ್ಲಿ ಹಿರಿಯರು ಮೂಸಿ ನೋಡಿ ಹೇಳುವುದು ಸುಮ್ನೆ ಅಲ್ಲ. ಆದರೆ ಮೂಗಿಗೆ ಸಿಗುವುದು ಅಡುಗೆಯನ್ನು ಹಳಸುವ ಸೂಕ್ಷ್ಮಜೀವಿಗಳ ಕೆಲಸ. ನಮ್ಮನ್ನು ಮಲಗಿಸುವ ಬ್ಯಾಕ್ಟೀರಿಯಾಗಳು ಬಣ್ಣ, ರುಚಿ, ವಾಸನೆ ಬದಲಿಸದೆಯೇ ಬೆಳೆಯಬಲ್ಲವು. ವಾಸನೆ ಬಂದರೆ ಚೆಲ್ಲಿ. ವಾಸನೆ ಬರಲಿಲ್ಲ ಅನ್ನುವುದು ಸುರಕ್ಷಿತ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ.

ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಕೆಲವು ಬ್ಯಾಕ್ಟೀರಿಯಾ ಸಾಯುವ ಮೊದಲೇ ಆಹಾರದಲ್ಲಿ ವಿಷ ಬಿಟ್ಟಿರುತ್ತವೆ, ಅದು ಕುದಿಸಿದರೆ ಹೋಗುವುದಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಹಾಗೆ. ಅದರ ಬೀಜಾಣು ಅನ್ನ ಬೇಯುವಾಗಲೂ ಉಳಿಯುತ್ತದೆ, ಅನ್ನ ಬೆಚ್ಚಗೆ ಬಿದ್ದಿದ್ದರೆ ಮೊಳೆತು ವಿಷ ಮಾಡುತ್ತದೆ. ನಮ್ಮ ಕೈಯಿಂದ ಅಡುಗೆಗೆ ಸೇರುವ ಸ್ಟೆಫೈಲೊಕಾಕಸ್‌ನದ್ದೂ ಅದೇ ಕಥೆ. ಇವೆರಡೂ ಹೆಚ್ಚಾಗಿ ಆಗುವುದು ಅಡುಗೆ ಕಟ್ಟೆಯ ಮೇಲೆ ಗಂಟೆಗಟ್ಟಲೆ ಬಿಟ್ಟಾಗ. ಫ್ರಿಜ್ ಬೆಚ್ಚಗಿದ್ದರೆ, ಬಿಸಿ ಪಾತ್ರೆ ತಣಿಯಲು ಹೆಚ್ಚು ಹೊತ್ತು ಹಿಡಿದು ಅದೇ ಕಟ್ಟೆಯ ಕೆಲಸವನ್ನು ಫ್ರಿಜ್ ಒಳಗೆ ಮುಂದುವರಿಸಿದಂತಾಗುತ್ತದೆ. ಆದ್ದರಿಂದ ಉಳಿದ ಅನ್ನ, ಸಾರನ್ನು ಅಗಲ ಪಾತ್ರೆಗಳಿಗೆ ತೆಳುವಾಗಿ ಹಂಚಿ, ಎರಡು ಗಂಟೆಯೊಳಗೆ ಒಳಗಿಡಿ.

ಮೀನಿನ ವಿಷಯ ಇನ್ನೂ ಗಂಭೀರ. ಮಂಗಳೂರು ಕಡೆಯಿಂದ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿ ಬೆಚ್ಚಗಾದರೆ ಅದರ ಮಾಂಸದಲ್ಲಿ ಹಿಸ್ಟಮೀನ್ ಅನ್ನುವ ವಸ್ತು ಹುಟ್ಟುತ್ತದೆ. ಅದನ್ನು ತಿಂದರೆ ಮುಖ ಕೆಂಪಾಗುವುದು, ತುರಿಕೆ, ತಲೆನೋವು, ವಾಂತಿ ಆಗಬಹುದು. ನೋಡಿದವರು ಅಲರ್ಜಿ ಅಂದುಕೊಳ್ಳುತ್ತಾರೆ. ಒಮ್ಮೆ ಹುಟ್ಟಿದ ಹಿಸ್ಟಮೀನ್ ಹುರಿದರೂ ಹೋಗುವುದಿಲ್ಲ, ಫ್ರೀಜ್ ಮಾಡಿದರೂ ಹೋಗುವುದಿಲ್ಲ. ದಾರಿಯಲ್ಲಿ ಎಷ್ಟು ಐಸ್ ಇತ್ತು ಅನ್ನುವುದು ನಮ್ಮ ಕೈಯಲ್ಲಿಲ್ಲ. ಮನೆಗೆ ಬಂದ ಮೇಲೆ 7 ಡಿಗ್ರಿಯ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡುವುದು ಬೇಡ.

ಇನ್ನೊಂದು ಮಾತು. 4 ಡಿಗ್ರಿಯಲ್ಲೂ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತದೆ. ಗರ್ಭಿಣಿಯರಿಗೆ, ವಯಸ್ಸಾದವರಿಗೆ ಅದು ಅಪಾಯಕಾರಿ. ಫ್ರಿಜ್ ಸರಿ ಇದ್ದರೂ ದಿನಗಳ ಲೆಕ್ಕ ಬಿಡಬೇಡಿ, ಉಳಿದದ್ದನ್ನು ಹಬೆಯಾಡುವಷ್ಟು ಬಿಸಿ ಮಾಡಿಯೇ ಬಡಿಸಿ.

ಒಂದು ಮನೆಯ ಉದಾಹರಣೆ ಹೇಳಿ. ಅಳತೆ ಜಾಸ್ತಿ ಬಂದಾಗ ಏನು ಮಾಡಿದಿರಿ?

ಚಿಕ್ಕಮಗಳೂರಿನಲ್ಲೇ ಇರುವ ನಮ್ಮ ಚಿಕ್ಕಮ್ಮನ ಮನೆಯದ್ದು ಹೇಳುತ್ತೇನೆ. ಸಿಂಗಲ್ ಡೋರ್ ಫ್ರಿಜ್, ನಾಬ್‌ನಲ್ಲಿ 1ರಿಂದ 7. ಮಾರ್ಚ್ ತಿಂಗಳು. ಹಾಲು ಒಡೆಯುತ್ತಿತ್ತು, ಹಿಟ್ಟು ಉಕ್ಕುತ್ತಿತ್ತು. ಥರ್ಮಾಮೀಟರ್ ಐಸ್ ನೀರಿನಲ್ಲಿ 1 ತೋರಿಸಿತು, ಅಂದರೆ ಒಂದು ಕಳೆಯಬೇಕು. ರಾತ್ರಿ ಇಟ್ಟ ಲೋಟ ಬೆಳಗ್ಗೆ 9 ತೋರಿಸಿತು. ನಿಜವಾದ ತಾಪಮಾನ 8.

ನಾಬ್ ನೋಡಿದರೆ 2ರಲ್ಲಿತ್ತು. “ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂತ ಚಳಿಗಾಲದಲ್ಲಿ ಇಳಿಸಿದ್ದು ಕಣೋ, ಆಮೇಲೆ ಮುಟ್ಟೇ ಇಲ್ಲ” ಅಂದರು ಚಿಕ್ಕಮ್ಮ. ಆದರೆ ತೊಂದರೆ ನಾಬ್ ಒಂದರಲ್ಲೇ ಇರಲಿಲ್ಲ. ಬಾಗಿಲ ರಬ್ಬರ್ ನಡುವೆ ಒಂದು ಕಾಗದದ ಚೀಟಿ ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡಿದೆವು. ಮೇಲೆ, ಬದಿಯಲ್ಲಿ ಚೀಟಿ ಬಿಗಿಯಾಗಿ ಹಿಡಿಯಿತು. ಕೆಳಗಿನ ಮೂಲೆಯಲ್ಲಿ ಸಲೀಸಾಗಿ ಜಾರಿ ಬಂತು. ಆ ಮೂಲೆಯ ಮಡಿಕೆಯಲ್ಲಿ ಚೆಲ್ಲಿದ ಹಾಲು, ಜಿಡ್ಡು ಒಣಗಿ ಗಟ್ಟಿಯಾಗಿ ರಬ್ಬರ್ ಕೂರದಂತೆ ತಡೆದಿತ್ತು. ಫ್ರೀಜರ್ ಸುತ್ತ ಬೆರಳು ದಪ್ಪ ಐಸ್ ಕಟ್ಟಿತ್ತು. ಐಸ್ ದಪ್ಪವಾದಷ್ಟೂ ಫ್ರೀಜರ್‌ನ ತಂಪು ಕೆಳಗಿನ ಶೆಲ್ಫ್‌ಗೆ ಸರಿಯಾಗಿ ಇಳಿಯುವುದಿಲ್ಲ. ಫ್ರಿಜ್‌ನ ಬೆನ್ನೂ ಗೋಡೆಗೆ ಅಂಟಿಕೊಂಡಿತ್ತು, ಒಳಗಿನಿಂದ ತೆಗೆದ ಶಾಖ ಹೊರಗೆ ಹೋಗಲು ಜಾಗ ಇರಲಿಲ್ಲ.

ಮೊದಲು ಒಳಗಿದ್ದದ್ದನ್ನು ವಿಂಗಡಿಸಿದೆವು. ಹಿಂದಿನ ಸಂಜೆ ತಂದಿಟ್ಟ ಹಸಿ ಕೋಳಿ, ಹಿಂದಿನ ದಿನದ ಹುಳಿ, ಅನ್ನ ಚೆಲ್ಲಿದ್ದಾಯಿತು. ಚಿಕ್ಕಮ್ಮನಿಗೆ ಸಂಕಟವಾಯಿತು, ಕೋಳಿಗೆ ಕೊಟ್ಟ ದುಡ್ಡು ಕಮ್ಮಿ ಏನಲ್ಲ. ಮೊಸರು, ಉಪ್ಪಿನಕಾಯಿ, ಬೆಣ್ಣೆ, ತರಕಾರಿ ಉಳಿದವು. ಫ್ರಿಜ್ ಆಫ್ ಮಾಡಿ ಐಸ್ ತಾನಾಗೇ ಕರಗಲು ಬಿಟ್ಟೆವು. ಚಾಕುವಿನಿಂದ ಕೆತ್ತಬಾರದು. ಒಳಗಿನ ಪೈಪಿಗೆ ತೂತಾದರೆ ಗ್ಯಾಸ್ ಹೋಗಿ ದೊಡ್ಡ ಖರ್ಚು ಬೀಳುತ್ತದೆ. ರಬ್ಬರನ್ನು ಬೆಚ್ಚಗಿನ ಸೋಪು ನೀರಲ್ಲಿ ಒರೆಸಿ ಒಣಗಿಸಿದೆವು, ಚೀಟಿ ಆ ಮೂಲೆಯಲ್ಲೂ ಹಿಡಿಯಿತು. ಫ್ರಿಜ್ ಅನ್ನು ಗೋಡೆಯಿಂದ ನಾಲ್ಕು ಬೆರಳು ಮುಂದೆ ತಂದು ನಾಬ್ 4ಕ್ಕೆ ತಿರುಗಿಸಿದೆವು.

ಒಂದು ದಿನ ಪೂರ್ತಿ ಬಿಟ್ಟು, ಅದರ ಮರುದಿನ ಬೆಳಗ್ಗೆ ನೋಡಿದರೆ ಥರ್ಮಾಮೀಟರ್ 6 ತೋರಿಸಿತು, ನಿಜ ಲೆಕ್ಕ 5. ನಾಬ್ ಅರ್ಧ ಅಂಕಿ ಏರಿಸಿ ಇನ್ನೊಂದು ದಿನ ಬಿಟ್ಟೆವು. ಆಮೇಲೆ 5 ತೋರಿಸಿತು, ನಿಜ ಲೆಕ್ಕ 4. ಅಲ್ಲಿಗೆ ನಿಲ್ಲಿಸಿದೆವು. ಪ್ರತಿ ಸಲ ನಾಬ್ ತಿರುಗಿಸಿದ ಮೇಲೆ 24 ಗಂಟೆ ಕಾಯಲೇಬೇಕು. ಒಂದೇ ದಿನದಲ್ಲಿ ಮೂರು ಸಲ ತಿರುಗಿಸಿದರೆ ಯಾವ ಅಂಕಿ ಏನು ಮಾಡಿತು ಅಂತ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ, ನಾಬ್ ಕೊನೆಯ ಅಂಕಿಗೆ ಇಟ್ಟರೂ 7, 8ರಲ್ಲೇ ನಿಂತರೆ ಗ್ಯಾಸ್ ಕಡಿಮೆಯಾಗಿರಬಹುದು ಅಥವಾ ಥರ್ಮೋಸ್ಟಾಟ್ ಹೋಗಿರಬಹುದು. ಆಗ ಮೆಕ್ಯಾನಿಕ್ ಕರೆಸಿ. ಬೆಳಗಿನ ಅಳತೆಗಳನ್ನು ಬರೆದಿಟ್ಟು ತೋರಿಸಿದರೆ ಅವರಿಗೂ ಕೆಲಸ ಸುಲಭ.

ಮಧ್ಯದ ಶೆಲ್ಫ್ 4 ಇದ್ದರೆ ಎಲ್ಲ ಕಡೆ 4 ಇರುತ್ತಾ?

ಇರುವುದಿಲ್ಲ. ಲೋಟವನ್ನು ಒಂದೊಂದು ರಾತ್ರಿ ಒಂದೊಂದು ಕಡೆ ಇಟ್ಟು ನೋಡಿ. ಸಾಮಾನ್ಯವಾಗಿ ಬಾಗಿಲೇ ಬೆಚ್ಚಗಿನ ಜಾಗ. ಚಿಕ್ಕಮ್ಮನ ಫ್ರಿಜ್‌ನಲ್ಲಿ ಮಧ್ಯದ ಶೆಲ್ಫ್ 4 ಇದ್ದಾಗ ಬಾಗಿಲಿನಲ್ಲಿ 7 ಇತ್ತು. ಹಾಲಿನ ಪ್ಯಾಕೆಟ್ ಇಡುವುದು ನಾವೆಲ್ಲ ಅಲ್ಲೇ! ಹಾಲನ್ನು ಒಳಗಿನ ಶೆಲ್ಫ್‌ಗೆ ಹಾಕಿ, ಬಾಗಿಲಿಗೆ ನೀರಿನ ಬಾಟಲಿ, ಸಾಸ್, ಉಪ್ಪಿನಕಾಯಿ ಬಿಡಿ. ಹಸಿ ಮಾಂಸ, ಮೀನು ಫ್ರೀಜರ್ ಕೆಳಗಿನ ಚಿಲ್ಲರ್ ಟ್ರೇಯಲ್ಲಿ, ಮುಚ್ಚಳ ಇರುವ ಡಬ್ಬಿಯಲ್ಲಿರಲಿ. ರಸ ಕೆಳಗಿನ ಅಡುಗೆಗೆ ತೊಟ್ಟಿಕ್ಕಬಾರದು.

ಲೋಟದ ನೀರಿನ ಮೇಲೆ ಐಸ್ ಕಟ್ಟಿದೆ. ತಂಪು ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ?

ಆಹಾರ ಸುರಕ್ಷಿತವಾಗೇ ಇರುತ್ತದೆ. ಆದರೆ ಸೊಪ್ಪು, ಸೌತೆಕಾಯಿ ಒಳಗೇ ಐಸಾಗಿ ತೆಗೆದಾಗ ಕೊಳೆತಂತೆ ಮೆತ್ತಗಾಗುತ್ತವೆ. ನಾಬ್ ಅರ್ಧ ಅಂಕಿ ಇಳಿಸಿ. ಚಳಿಗಾಲ ಶುರುವಾದಾಗ ಇದು ಆಗುವುದು ಸಹಜ.

ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲ. ಆಗ ಲೋಟ ಏನಾದರೂ ಉಪಯೋಗಕ್ಕೆ ಬರುತ್ತಾ?

ಲೋಟ, ಥರ್ಮಾಮೀಟರ್ ಎರಡನ್ನೂ ಮಳೆಗಾಲವಿಡೀ ಫ್ರಿಜ್ ಒಳಗೇ ಬಿಡಿ. ಮೂಡಿಗೆರೆ, ಸಕಲೇಶಪುರ ಕಡೆ ತಂತಿ ಮೇಲೆ ಮರ ಬಿದ್ದರೆ ಇಡೀ ದಿನ ಕರೆಂಟ್ ಬಾರದಿರಬಹುದು. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಅದಕ್ಕಿಂತ ಹೆಚ್ಚು ಹೊತ್ತಾದರೆ ಒಮ್ಮೆ ಬಾಗಿಲು ತೆಗೆದು ಲೋಟ ಓದಿ. ನೀರು ಇನ್ನೂ 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಲ್ಲವೂ ಸರಿ, ಆದರೆ ಮಾಂಸ, ಹಾಲನ್ನು ಬೇಗ ಬಳಸಿ. 5 ದಾಟಿದ್ದು ಈಗ ತಾನೇನೋ, ಎರಡು ಗಂಟೆ ಹಿಂದೆಯೋ ಅಂತ ಲೋಟ ಹೇಳುವುದಿಲ್ಲ. ಎರಡು ಗಂಟೆಗಿಂತ ಹೆಚ್ಚು ಹೊತ್ತು ದಾಟಿರಬಹುದು ಅನಿಸಿದರೆ ಹಸಿ ಮಾಂಸ, ಮೀನು, ಬೇಯಿಸಿದ ಅಡುಗೆ ಇಟ್ಟುಕೊಳ್ಳಬೇಡಿ.

ಕರೆಂಟ್ ಬಂದ ಕೂಡಲೇ, ಫ್ರಿಜ್ ಮತ್ತೆ ತಣ್ಣಗಾಗುವ ಮೊದಲೇ ಓದಬೇಕು. ಎಸ್ಟೇಟ್‌ಗೆ, ಊರಿಗೆ ಹೋಗಿ ಮಾರನೇ ದಿನ ಬಂದು ನೋಡಿದರೆ ನೀರು ಮತ್ತೆ 4ಕ್ಕೆ ಇಳಿದಿರುತ್ತದೆ, ನಡುವೆ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಸಣ್ಣ ಬಟ್ಟಲಲ್ಲಿ ನೀರು ಹಾಕಿ ಫ್ರೀಜರ್‌ನಲ್ಲಿ ಐಸ್ ಮಾಡಿ, ಅದರ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೇ ಇದ್ದರೆ ಫ್ರೀಜರ್ ಕರಗಿಲ್ಲ. ನಾಣ್ಯ ತಳದಲ್ಲಿ ಐಸ್ ಒಳಗೆ ಸಿಕ್ಕಿಕೊಂಡಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ. ಆಗ ಫ್ರೀಜರ್‌ನ ಮಾಂಸ, ಮೀನು ಮಾತ್ರವಲ್ಲ, ಕೆಳಗಿನ ಶೆಲ್ಫ್‌ನಲ್ಲಿಟ್ಟು ಹೋಗಿದ್ದ ಬೇಯಿಸಿದ ಅಡುಗೆಯನ್ನೂ ತೆಗೆದು ಹಾಕಿ.